ಮರೆಯ ಲೇಖಕನೂ ಮರೆಯ ಯಂತ್ರವೂ

2023ರ ಆಗಸ್ಟ್ ತಿಂಗಳಲ್ಲಿ ‘ಫಿಸಿಕಾ ಸ್ಕ್ರಿಪ್ಟಾ’ ಎಂಬ ಭೌತಶಾಸ್ತ್ರದ ಪತ್ರಿಕೆಯಲ್ಲಿ, ಒಂದು ಜಟಿಲವಾದ ಸಮೀಕರಣಕ್ಕೆ ಹೊಸ ಪರಿಹಾರಗಳನ್ನು ಸೂಚಿಸುವ ಪ್ರಬಂಧವೊಂದು ಪ್ರಕಟವಾಯಿತು. ಅದರಲ್ಲಿ ಗಣಿತಕ್ಕೆ ಯಾವ ಸಂಬಂಧವೂ ಇಲ್ಲದ Regenerate response ಎಂಬ ಎರಡು ಪದಗಳು ಉಳಿದುಹೋಗಿದ್ದುವು. ಚಾಟ್‌ಜಿಪಿಟಿ ಎಂಬ ಬರೆಯುವ ಯಂತ್ರದ ತೆರೆಯ ಮೇಲಿದ್ದ ಒಂದು ಗುಂಡಿಯ ಹೆಸರದು. ಫ್ರಾನ್ಸಿನ ಟೂಲೂಸಿನ ಗಣಕವಿಜ್ಞಾನಿ ಗಿಯೋಮ್ ಕಬನಾಕ್ ಅವರು ಇದನ್ನು ಕಂಡು ಬಯಲಿಗೆ ತಂದರು. ಕರಡನ್ನು ಸಿದ್ಧಪಡಿಸಲು ಯಂತ್ರದ ನೆರವು ಪಡೆದುದನ್ನು ಲೇಖಕರು ಒಪ್ಪಿಕೊಂಡರು. ಪ್ರಬಂಧವನ್ನು ಹಿಂತೆಗೆದುಕೊಳ್ಳಲು ಪತ್ರಿಕೆ ತೀರ್ಮಾನಿಸಿತು. ಅದಕ್ಕೆ ಕೊಟ್ಟ ಕಾರಣವನ್ನು ವಾಚಕರು ಗಮನಿಸಬೇಕು. ಪರಿಹಾರಗಳು ತಪ್ಪೆಂದಲ್ಲ, ನೆರವು ಪಡೆದ ಸಂಗತಿಯನ್ನು ಮೊದಲೇ ತಿಳಿಸಲಿಲ್ಲವೆಂದು.

ಅದೇ ವಾಕ್ಯಗಳನ್ನು ಹಣ ಪಡೆದ ಒಬ್ಬ ಮನುಷ್ಯನು ಬರೆದುಕೊಟ್ಟು ತಾನು ಮರೆಯಲ್ಲಿ ಉಳಿದಿದ್ದರೆ? ಅವನ ಬರಹದಲ್ಲಿ ಗುಂಡಿಯ ಹೆಸರು ಉಳಿಯುವುದಿಲ್ಲ. ಹಾಗಾದರೆ ನಿಯಮವು ಇವರಿಬ್ಬರನ್ನೂ ಒಂದೇ ರೀತಿ ಕಾಣುತ್ತದೆಯೇ?

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಸೂತ್ರಗಳನ್ನು ನೋಡೋಣ. ಲೇಖಕನೆನಿಸಲು ನಾಲ್ಕು ಷರತ್ತುಗಳಿವೆ: ಸಂಶೋಧನೆಯಲ್ಲಿ ಗಣನೀಯವಾದ ಪಾಲಿರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಭಾಗವಹಿಸಿರಬೇಕು, ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಮುಂದೆ ಪ್ರಶ್ನೆ ಬಂದರೆ ಉತ್ತರ ಹೇಳಲು ಬದ್ಧನಾಗಿರಬೇಕು. ನಾಲ್ಕನ್ನೂ ಪೂರೈಸಿದ ಮನುಷ್ಯನ ಹೆಸರನ್ನು ಬಿಡಕೂಡದು. ಬರವಣಿಗೆಗೆ ಮಾತ್ರ ನೆರವಾದವನ ಹೆಸರು ಕೃತಜ್ಞತೆಯ ಭಾಗಕ್ಕೆ ಸೇರುತ್ತದೆ. 2023ರಲ್ಲಿ ಸಮಿತಿಯು ಯಂತ್ರದ ವಿಷಯವನ್ನೂ ಸೇರಿಸಿತು. ಯಂತ್ರವು ಉತ್ತರ ಹೇಳಲಾರದು. ಆದುದರಿಂದ ಅದು ಎಷ್ಟು ಬರೆದರೂ ಲೇಖಕನಾಗದು. ಆದರೆ ಅದನ್ನು ಬಳಸಿದ ಸಂಗತಿಯನ್ನು ತಿಳಿಸಲೇಬೇಕು, ಅದು ಬರೆದ ತಪ್ಪಿನ ಹೊಣೆಯೆಲ್ಲ ಸಹಿ ಹಾಕಿದವನದೇ. ಮರೆಯ ಮನುಷ್ಯನಿಗೆ ಸಲ್ಲಬೇಕಾದ ಹಕ್ಕೊಂದು ಇರಬಹುದು. ಮರೆಯ ಯಂತ್ರಕ್ಕೆ ಯಾವ ಹಕ್ಕೂ ಇಲ್ಲ. ಓದುಗನಿಗೆ ಸತ್ಯವನ್ನು ತಿಳಿಸುವ ಕರ್ತವ್ಯ ಮಾತ್ರ ಎರಡು ಕಡೆಗೂ ಸಮಾನ.

ಇದನ್ನು ಕೃತಿಚೌರ್ಯವೆನ್ನಬಹುದೇ? ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯು ಬೇರೊಬ್ಬರ ಕೃತಿಯನ್ನೋ ವಿಚಾರವನ್ನೋ ತನ್ನದೆಂದು ತೋರಿಸುವುದನ್ನು ಕೃತಿಚೌರ್ಯವೆನ್ನುತ್ತದೆ. ಮರೆಯ ಲೇಖಕನು ತಾನಾಗಿ ಕೊಟ್ಟನು, ಕಳವೆಲ್ಲಿ ಎಂದು ಒಬ್ಬನು ವಾದಿಸಬಹುದು; ಯಂತ್ರವು ‘ಬೇರೊಬ್ಬ’ನೇ ಅಲ್ಲವೆಂದು ಮತ್ತೊಬ್ಬನು ವಾದಿಸಬಹುದು. ಸಾಮ್ಯವನ್ನು ಅಳೆದು ಶೇಕಡಾ 10ರವರೆಗೆ ದಂಡವಿಲ್ಲವೆನ್ನುವ ಲೆಕ್ಕವೂ ಇಲ್ಲಿ ಕೆಲಸಕ್ಕೆ ಬಾರದು. ಹೊಸದಾಗಿ ಬರೆಸಿದ ವಾಕ್ಯಗಳು ಹಳೆಯ ಯಾವುದನ್ನೂ ಹೋಲಬೇಕಾಗಿಲ್ಲ. ಆದರೆ ಅದೇ ನಿಯಮಾವಳಿಯ ಪ್ರಕಾರ, ಮಹಾಪ್ರಬಂಧವನ್ನು ತಾನೇ ಸಿದ್ಧಪಡಿಸಿದೆನೆಂದು ವಿದ್ಯಾರ್ಥಿಯು ಬರೆದು ಸಹಿ ಮಾಡಿಕೊಡಬೇಕು. ಇಬ್ಬರ ವಾದವೂ ಮುರಿಯುವುದು ಈ ಸಹಿಯ ಬಳಿಯೇ.

ಯಂತ್ರದ ಮೇಲೆ ಈಗ ಎದ್ದಿರುವ ಗದ್ದಲವನ್ನು ಕಂಡಾಗ, ಮನುಷ್ಯನ ಮರೆಬರಹವು ಅಲ್ಪದೋಷವೆಂದು ತೋರಬಹುದು. ನಮಗೆ ಹಾಗೆನಿಸುವುದಿಲ್ಲ. ಅಮೆರಿಕದ ವೈಯೆತ್ ಎಂಬ ಔಷಧ ಸಂಸ್ಥೆಯು ಋತುಬಂಧದ ವಯಸ್ಸಿನ ಸ್ತ್ರೀಯರಿಗೆ ಹಾರ್ಮೋನು ಮಾತ್ರೆಗಳನ್ನು ಮಾರುತ್ತಿತ್ತು. ಅದರ ಹಣದಿಂದ ಬರವಣಿಗೆಯ ಸಂಸ್ಥೆಯೊಂದು ಸಿದ್ಧಪಡಿಸಿದ 26 ಲೇಖನಗಳು 1998ರಿಂದ 2005ರವರೆಗೆ ವೈದ್ಯರ ಹೆಸರಿನಲ್ಲಿ ಪ್ರಕಟವಾದುವು. ಅವುಗಳಲ್ಲಿ ಮಾತ್ರೆಯ ಗುಣಗಳಿಗೆ ಒತ್ತು, ಅಪಾಯಗಳಿಗೆ ಮರೆ. ಏತನ್ಮಧ್ಯೆ 2002ರಲ್ಲಿ, ಅಂತಹ ಹಾರ್ಮೋನು ಜೋಡಿಯಿಂದ ಸ್ತನದ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದನ್ನು ಕಂಡು, ಒಂದು ದೊಡ್ಡ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮರೆಬರಹದ ದಾಖಲೆಗಳು ನ್ಯಾಯಾಲಯದ ಮೂಲಕ ಸಾರ್ವಜನಿಕರಿಗೆ ದೊರೆತದ್ದು 2009ರಲ್ಲಿ. ಲೇಖನಗಳನ್ನು ಎಷ್ಟು ಓದಿದರೂ ಹಣ ಕೊಟ್ಟವನು ಕಾಣುತ್ತಿರಲಿಲ್ಲ. ಅವನು ಕಂಡದ್ದು ಕಚೇರಿಯ ಕಡತಗಳಲ್ಲಿ.

ಯಂತ್ರದೊಡನೆ ಅಂತಹ ಪತ್ರವ್ಯವಹಾರ ನಡೆಯುವುದಿಲ್ಲ. ಬರಹವನ್ನೇ ಪರೀಕ್ಷಿಸಿ ಹಿಡಿಯೋಣವೆಂದರೆ ಅದೂ ಸುಲಭವಲ್ಲ. ಚಾಟ್‌ಜಿಪಿಟಿಯನ್ನು ತಯಾರಿಸಿದ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನವನ್ನು ಹೊರತಂದಿತು. ಅವರದೇ ಪರೀಕ್ಷೆಯಲ್ಲಿ ಅದು ಯಂತ್ರಬರಹದ ಶೇಕಡಾ 26ರಷ್ಟನ್ನು ಮಾತ್ರ ಗುರುತಿಸಿತು. ಮನುಷ್ಯರು ಬರೆದುದರಲ್ಲಿ ಶೇಕಡಾ 9ರಷ್ಟನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತು. ಸ್ವಂತವಾಗಿ ಬರೆದ 100 ಮಂದಿ ವಿದ್ಯಾರ್ಥಿಗಳ ತರಗತಿಗೆ ಇದೇ ಪ್ರಮಾಣವನ್ನು ಅನ್ವಯಿಸಿದರೆ, 9 ಮಂದಿ ನಿರಪರಾಧಿಗಳು ಆರೋಪಿಗಳಾಗುತ್ತಾರೆ! ನಿಖರತೆ ಸಾಲದೆಂದು ಆ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು.

ಲೋಲಕದ ಪ್ರಯೋಗದ ವರದಿಯ ಭಾಷೆಯನ್ನು ಅಣ್ಣ ತಿದ್ದಿಕೊಟ್ಟರೆ ಅದನ್ನೂ ಬರೆಯಬೇಕೇ ಎಂದು ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು. ಬರೆಯಬೇಕೆಂದೆವು. ಅವನು ವರದಿಯ ಕೊನೆಗೆ ಹೀಗೆ ಸೇರಿಸಿದನು: ‘ಅಳತೆಗಳೂ ಲೆಕ್ಕವೂ ನನ್ನವು. ವಾಕ್ಯಗಳನ್ನು ಅಣ್ಣ ತಿದ್ದಿದನು. ದೋಷವಿಚಾರದ ಮೊದಲ ಕರಡನ್ನು ಯಂತ್ರದಿಂದ ಪಡೆದು, ನನ್ನ ಅಳತೆಗಳಿಗೆ ತಾಳೆನೋಡಿ ತಿದ್ದಿದೆನು.’ ಅಣ್ಣನ ವಿಷಯವನ್ನು ಮಾತ್ರ ಅವನು ಕೇಳಿದ್ದನು. ಯಂತ್ರದ ಸಂಗತಿ ನಮಗೆ ತಿಳಿದದ್ದು ಆ ಮೂರನೆಯ ವಾಕ್ಯದಿಂದಲೇ.