ಎರಡು ಮನೆ, ಒಂದು ಮದುವೆ ಕಾಗದ

ಹಿಂದೆಲ್ಲ ಹುಡುಗಿ ಮನೆಯವರು ಒಂದು ಕಾಗದ ಹೊಡೆಸುತ್ತಿದ್ದರು, ಹುಡುಗನ ಮನೆಯವರು ಇನ್ನೊಂದು. ಈಗ ಖರ್ಚೂ ಒಟ್ಟಿಗೆ, ಸಭಾಭವನವೂ ಒಟ್ಟಿಗೆ ಎಂದ ಮೇಲೆ ಕಾಗದವೂ ಒಂದೇ ಇರಲಿ ಎಂದು ನೀವು ತೀರ್ಮಾನಿಸಿದ್ದೀರಿ. ಒಳ್ಳೆಯದೇ. ಆದರೆ ಕಾಗದ ಬರೆಯಲು ಕುಳಿತಾಗ ನೀವು ಮಾಡುವುದೇನು? ಅಣ್ಣನ ಮದುವೆಯ ಹಳೆ ಕಾಗದ ತೆಗೆದು, ಹೆಸರು ಬದಲಿಸಿ, ಪ್ರೆಸ್ಸಿಗೆ ಕೊಟ್ಟು ಬರುತ್ತೀರಿ. ಎಡವಟ್ಟಾಗುವುದೇ ಅಲ್ಲಿ. ಒಂದು ಮನೆಯವರು ಮಾತಾಡುವಂತೆ ಬರೆದ ಕಾಗದಕ್ಕೆ ಎರಡು ಮನೆಯವರ ಹೆಸರು ಹಾಕಿದರೆ ಅರ್ಥ ಅಡ್ಡಾದಿಡ್ಡಿ ಹೋಗುತ್ತದೆ.

ಹಳೆ ಕಾಗದವನ್ನೇ ಒಮ್ಮೆ ಕಾಣಿ. "ನಮ್ಮ ಪುತ್ರಿ ಚಿ. ಸೌ. ಇಂಥವಳನ್ನು ಇಂಥವರ ಪುತ್ರನಿಗೆ ಕೊಟ್ಟು" ಎಂದು ಹುಡುಗಿ ಕಡೆಯವರದು. "ನಮ್ಮ ಪುತ್ರನ ವಿವಾಹವು ಇಂಥವರ ಪುತ್ರಿಯೊಂದಿಗೆ" ಎಂದು ಹುಡುಗನ ಕಡೆಯವರದು. ಎರಡರಲ್ಲೂ ಕರೆಯುವವರು ಯಾರೆಂಬುದು "ನಮ್ಮ" ಎಂಬಲ್ಲೇ ಗೊತ್ತಾಗುತ್ತದೆ. ಎರಡೂ ಕಡೆಯ ತಂದೆತಾಯಿ ಸೇರಿ ಕರೆಯುವಾಗ ಈ "ನಮ್ಮ" ಯಾರದ್ದು? ಕೆಲವರು ಜಾಣತನದಿಂದ "ನಮ್ಮ ಮಕ್ಕಳಾದ ಚಿ. ಇಂಥವನ ಮತ್ತು ಚಿ. ಸೌ. ಇಂಥವಳ ವಿವಾಹ" ಎಂದು ಬರೆದುಬಿಡುತ್ತಾರೆ. ಓದಿದವರು ಅಣ್ಣ ತಂಗಿಗೆ ಮದುವೆಯೋ ಎಂದು ನಕ್ಕರೆ ತಪ್ಪು ಅವರದಲ್ಲ. "ಕೊಟ್ಟು" ಎಂಬುದನ್ನೂ ಬಿಡಿ. ಕೊಡುವವರೂ ತರುವವರೂ ಒಂದೇ ಬಾಯಲ್ಲಿ ಮಾತಾಡುವಾಗ ಆ ಮಾತು ನಿಲ್ಲುವುದಿಲ್ಲ. "ಇಂಥವನ ವಿವಾಹವು ಇಂಥವಳೊಂದಿಗೆ" ಎಂಬುದೂ ಬೇಡ, ಅದು ಹುಡುಗನ ಮನೆಯ ಮಾತೇ. "ಇವರ ಪುತ್ರ, ಇವರ ಪುತ್ರಿ, ಇವರಿಬ್ಬರ ವಿವಾಹ" ಎಂದರೆ ಎಲ್ಲ ಸರಿಹೋಗುತ್ತದೆ.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಹುಡುಗನ ಮನೆ ಬ್ರಹ್ಮಾವರ ತಾಲೂಕಿನ ಬಾರ್ಕೂರು. ಹುಡುಗಿಯದು ಬೈಂದೂರು ತಾಲೂಕಿನ ಮರವಂತೆ, ಅವಳಿಗೆ ತಂದೆ ಇಲ್ಲ. ಧಾರೆ ಎರಡೂ ಮನೆಯವರಿಗೆ ಅನುಕೂಲವಾಗಲೆಂದು ಕುಂದಾಪುರದ ಸಭಾಭವನದಲ್ಲಿ. ಇಂಥವರಿಗೆ ನಾನಾದರೆ ಹೀಗೆ ಬರೆದುಕೊಡುತ್ತೇನೆ:

"ಬಾರ್ಕೂರಿನ ಶ್ರೀಮತಿ … ಮತ್ತು ಶ್ರೀ … ಇವರ ಪುತ್ರ ಚಿ. … ಹಾಗೂ ಮರವಂತೆಯ ಶ್ರೀಮತಿ … ಮತ್ತು ದಿವಂಗತ … ಇವರ ಪುತ್ರಿ ಚಿ. ಸೌ. … ಇವರ ವಿವಾಹವನ್ನು ಗುರುಹಿರಿಯರ ಆಶೀರ್ವಾದದೊಂದಿಗೆ ತಾ. 26-04-2026ನೇ ಆದಿತ್ಯವಾರ ಬೆಳಿಗ್ಗೆ ಗಂಟೆ 11-50ಕ್ಕೆ ಸಲ್ಲುವ ಶುಭಮುಹೂರ್ತದಲ್ಲಿ ಕುಂದಾಪುರದ … ಸಭಾಭವನದಲ್ಲಿ ನೆರವೇರಿಸಲು ನಾವು ಎರಡೂ ಕುಟುಂಬದವರು ನಿಶ್ಚಯಿಸಿರುತ್ತೇವೆ. ತಾವು ಸಕುಟುಂಬರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ."

ಇದರಲ್ಲಿ "ನಾವು" ಬರುವುದು ಒಂದೇ ಕಡೆ, ಅದೂ ಎರಡು ಮನೆ ಸೇರಿಸಿಕೊಂಡು. ಹುಡುಗಿಯ ತಂದೆಯ ಹೆಸರು "ಇವರ ಪುತ್ರಿ" ಎಂಬಲ್ಲಿ ಗೌರವದಿಂದ ಬಂದಿದೆ. ಆದರೆ ಕೆಳಗೆ "ತಮ್ಮ ಆಗಮನಾಭಿಲಾಷಿಗಳು" ಎಂದು ಬರೆಯುವಲ್ಲಿ ಅವರ ಹೆಸರು ಬರಕೂಡದು. ತೀರಿಕೊಂಡವರು ಮಗಳ ತಂದೆ ಹೌದು, ಮದುವೆಗೆ ಕರೆಯುವವರಲ್ಲ. ಅಲ್ಲಿ ತಾಯಿಯ ಹೆಸರಿರಬೇಕು, ಅದರ ಕೆಳಗೆ ಬೇಕಾದರೆ ಅಣ್ಣನದೋ ಸೋದರಮಾವನದೋ. ತಾಯಿಯನ್ನು ಬಿಟ್ಟು ಬರೀ ಸೋದರಮಾವನ ಹೆಸರು ಹಾಕುವವರು ಈಗಲೂ ಇದ್ದಾರೆ. ಗಂಡ ತೀರಿಹೋದವಳ ಹೆಸರು ಶುಭಪತ್ರಿಕೆಯಲ್ಲಿ ಯಾಕೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೆತ್ತು ಸಾಕಿ ಮದುವೆಯವರೆಗೆ ತಂದವಳು ಅವಳು. ತಾಯಿಯ ಕಡೆಯಿಂದ ಬಳಿ ಹೇಳುವ ಮನೆಗಳಿರುವ ಊರಿನಲ್ಲಿ ಇದನ್ನು ನಾನು ಹೇಳಬೇಕಾಗಿ ಬಂದದ್ದೇ ಬೇಸರ. ಇನ್ನೊಂದು, "ದಿವಂಗತ" ಎಂಬುದನ್ನು ಪೂರ್ತಿ ಬರೆಯಿರಿ. ತಾರೀಕಿಗೂ "ದಿ." ಎಂದೇ ಬರೆಯುವ ರೂಢಿ ಇರುವುದರಿಂದ ಒಂದೇ ಕಾಗದದಲ್ಲಿ ಎರಡು ಅರ್ಥದ "ದಿ." ಬೇಡ.

ಯಾರ ಹೆಸರು ಮೊದಲು ಎಂಬುದಕ್ಕೆ ಎಷ್ಟು ಮನೆಗಳಲ್ಲಿ ಮುಖ ದಪ್ಪಗಾಗಿಲ್ಲ ಹೇಳಿ! ನನ್ನ ದಾರಿ ಸುಲಭದ್ದು. ಒಕ್ಕಣೆಯಲ್ಲಿ ಹುಡುಗನ ಮನೆಯವರು ಮೊದಲು ಬಂದರೆ ಕೆಳಗೆ ಕರೆಯುವವರ ಸಾಲಿನಲ್ಲಿ ಹುಡುಗಿಯ ಮನೆಯವರು ಮೊದಲು ಬರಲಿ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಅರ್ಧ ಕಾಗದದಲ್ಲಿ ಒಂದು ಕ್ರಮ, ಇನ್ನರ್ಧದಲ್ಲಿ ತಿರುಗಾಮುರುಗಾ ಮಾಡಿ ಹೊಡೆಸಿ, ಹಂಚುವಾಗ ಅವರವರದು ಅವರವರು ತೆಗೆದುಕೊಳ್ಳಿ. ಆದರೆ ಕ್ರಮ ಯಾವುದೇ ಇರಲಿ, ತೂಕ ಒಂದೇ ಇರಬೇಕು. ಹುಡುಗನ ಹೆಸರಿನ ಮುಂದೆ ಓದಿದ ಡಿಗ್ರಿ ಹಾಕಿ ಹುಡುಗಿಯದನ್ನು ಬಿಡುವುದು, ಒಬ್ಬ ತಂದೆಗೆ "ನಿವೃತ್ತ ಮುಖ್ಯೋಪಾಧ್ಯಾಯರು" ಎಂದು ಬರೆದು ಇನ್ನೊಬ್ಬರಿಗೆ ಬರೀ ಹೆಸರು ಬರೆಯುವುದು, ಇವೆಲ್ಲ ಕಣ್ಣಿಗೆ ಹೊಡೆಯುತ್ತವೆ. ಹಾಕಿದರೆ ಇಬ್ಬರಿಗೂ, ಬಿಟ್ಟರೆ ಇಬ್ಬರಿಗೂ.

ಮೇಲಿನ ದೇವರ ಸಾಲಿಗೂ ಇದೇ ಮಾತು. ಗಣಪತಿಯ ಹೆಸರು ನಡುವೆ, ಅದರ ಕೆಳಗೆ ಒಂದು ಮನೆಯವರ ಮಂದಾರ್ತಿ ದುರ್ಗಾಪರಮೇಶ್ವರಿ, ಇನ್ನೊಂದು ಮನೆಯವರ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರ, ಸಾಕು. ಕೊಲ್ಲೂರು, ಆನೆಗುಡ್ಡೆ, ಕಮಲಶಿಲೆ, ಸಾಲಿಗ್ರಾಮ ಎಂದು ಸುತ್ತಲಿನ ದೇವಸ್ಥಾನಗಳನ್ನೆಲ್ಲ ತುಂಬಿಸಿದರೆ ಒಕ್ಕಣೆಗೆ ಜಾಗ ಎಲ್ಲಿ? ದೇವರ ಫೋಟೊ ಅಂತೂ ಹಾಕಲೇಬೇಡಿ. ಮದುವೆ ಮುಗಿದ ಮೇಲೆ ಆ ಕಾಗದ ಎಲ್ಲಿ ಬಿದ್ದಿರುತ್ತದೆ ಎಂದು ನಿಮಗೇ ಗೊತ್ತು.

ತಿಥಿ ಮಾಸ ಬರೆಯುವುದಿದ್ದರೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ "ಮೇಷ ಮಾಸ ದಿನ ಇಷ್ಟು" ಎಂದು ಸೌರಮಾನದಲ್ಲಿ ಬರೆಯುವುದು ರೂಢಿ. ನೆಂಟಸ್ತನ ಘಟ್ಟದ ಮೇಲಿನವರ ಜೊತೆ ಆಗಿದ್ದರೆ ಅವರು "ವೈಶಾಖ ಶುದ್ಧ" ಎಂದು ಚಾಂದ್ರಮಾನದಲ್ಲಿ ಕೇಳುತ್ತಾರೆ. ಎರಡನ್ನೂ ಬರೆಯಬಹುದು, ಆದರೆ ಬೇರೆ ಬೇರೆ ಸಾಲಿನಲ್ಲಿ. ಮೇಷ ಮಾಸದ ದಿನದ ಲೆಕ್ಕಕ್ಕೆ ವೈಶಾಖದ ತಿಥಿ ಅಂಟಿಸಿ ಕಲಸುಮೇಲೋಗರ ಮಾಡಬೇಡಿ. ಯುಗಾದಿಗೂ ವಿಷುವಿಗೂ ನಡುವಿನ ದಿನಗಳಲ್ಲಿ ಮದುವೆಯಾದರೆ ಇನ್ನೂ ಎಚ್ಚರ ಬೇಕು. 2026ರಲ್ಲಿ ಯುಗಾದಿ ಬಂದದ್ದು ಮಾರ್ಚ್ 19ಕ್ಕೆ, ಚಾಂದ್ರಮಾನದವರಿಗೆ ಅಂದೇ ಪರಾಭವ ಸಂವತ್ಸರ ಶುರು. ಸೌರಮಾನದಲ್ಲಿ ವರ್ಷ ತಿರುಗುವುದು ಏಪ್ರಿಲ್ ನಡುವಿನ ಮೇಷ ಸಂಕ್ರಮಣಕ್ಕೆ. ಎರಡು ಮನೆಯ ಪುರೋಹಿತರು ಎರಡು ಸಂವತ್ಸರ ಹೇಳಿದರೆ ಇಬ್ಬರೂ ಸರಿಯೇ. ಯಾವ ಪಂಚಾಂಗ ಹಿಡಿಯುವುದೆಂದು ಧಾರೆ ಎರೆಸುವ ಭಟ್ಟರ ಹತ್ತಿರ ಕೇಳಿ, ಅವರು ಬರೆದುಕೊಟ್ಟ ಚೀಟಿಯನ್ನೇ ಪ್ರೆಸ್ಸಿಗೆ ಕೊಡಿ.

ಮನೆಯ ಮಕ್ಕಳ ಹೆಸರಿನಲ್ಲಿ "ನಮ್ಮ ಮಾವನ ಮದುವೆಗೆ ಬನ್ನಿ" ಎಂದು ಕೆಳಗೆ ಹಾಕುವುದು ಚಂದವೇ. ಆದರೆ ಜಂಟಿ ಕಾಗದದಲ್ಲಿ ಅದು ಯಾರ ಮಾವ? ಹಾಕುವುದಿದ್ದರೆ ಎರಡು ಕಡೆಯ ಮಕ್ಕಳೂ ಇರಲಿ, ಆಯಾ ಮನೆಯ ಹೆಸರಿನ ಕೆಳಗೇ ಇರಲಿ. ಒಂದು ಕಡೆ ಮಕ್ಕಳು ಮೊಮ್ಮಕ್ಕಳು ಅಳಿಯಂದಿರು ಎಂದು ಪುಟ ತುಂಬಿ, ಇನ್ನೊಂದು ಕಡೆ ತಾಯಿ ಮಗ ಇಬ್ಬರೇ ಇದ್ದರೆ ಆ ಸಾಲೇ ಬೇಡ. ಎರಡೂ ಕಡೆಗೆ "ಮತ್ತು ಬಂಧುಮಿತ್ರರು" ಎಂದು ಮುಗಿಸಿ.

ಇನ್ನು ಔತಣ. ಧಾರೆಯ ಮರುದಿನ ಹುಡುಗನ ಮನೆಯಲ್ಲಿ ಊಟ ಇಟ್ಟುಕೊಂಡು, ಅದನ್ನೂ ಇದೇ ಕಾಗದದಲ್ಲಿ "ನಮ್ಮ ಮನೆಯಲ್ಲಿ ಔತಣ" ಎಂದು ಬರೆಯುತ್ತೀರಿ. ಮರವಂತೆಯ ನೆಂಟರು ಮರವಂತೆ ಮನೆಗೆ ಬಂದು ನಿಂತರೆ ಏನು ಮಾಡುವುದು? ಅದಕ್ಕಿಂತ ದೊಡ್ಡ ತೊಂದರೆ ಎಲೆಯದ್ದು. ಕಾಗದ ಸಿಕ್ಕಿದವರೆಲ್ಲ ಎರಡೂ ಊಟಕ್ಕೆ ಕರೆ ಇದೆ ಎಂದೇ ತಿಳಿಯುತ್ತಾರೆ, ತಿಳಿಯಬೇಕಾದ್ದೂ ಹಾಗೇ. ಔತಣಕ್ಕೆ ಬೇರೆ ಸಣ್ಣ ಚೀಟಿ ಹೊಡೆಸಿ. ಅದರಲ್ಲಿ ಕರೆಯುವವರು ಹುಡುಗನ ಮನೆಯವರು ಮಾತ್ರ, ಹಾಗಾಗಿ "ನಮ್ಮ" ಎಂಬುದನ್ನು ಧಾರಾಳವಾಗಿ ಬರೆಯಬಹುದು. ಕರೆಯಬೇಕಾದವರ ಕಾಗದದೊಳಗೆ ಮಾತ್ರ ಅದನ್ನು ಇಡಿ.

ವಿಳಾಸದಲ್ಲೂ ಉದಾಸೀನ ಸಲ್ಲದು. ಹಳೆ ಕಾಗದ ನೋಡಿ "ಮರವಂತೆ, ಕುಂದಾಪುರ ತಾಲೂಕು" ಎಂದು ಈಗಲೂ ಬರೆಯುತ್ತೀರಿ. ಬೈಂದೂರು, ಬ್ರಹ್ಮಾವರ ಬೇರೆ ತಾಲೂಕಾಗಿ 2018ರಿಂದ ಇಲ್ಲಿಯವರೆಗೆ ಎಷ್ಟು ವರ್ಷವಾಯಿತು! ಮುಂಬೈಯಿಂದ ರೈಲಿನಲ್ಲಿ ಬರುವವರಿಗೆ ಇಳಿಯುವ ಸ್ಟೇಷನ್ ಯಾವುದೆಂದು ಒಂದು ಸಾಲು ಇರಲಿ. ಫೋನ್ ನಂಬರ್ ಎರಡು ಮನೆಯದೂ ಇರಲಿ.

ಹೆಸರುಗಳನ್ನು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಬರೆಯಿರಿ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರು ಕಾಗದಕ್ಕೆ ಬೇಡ. ಮದುವೆ ನೋಂದಣಿಗೆ ಹೋದಾಗ ಕಚೇರಿಯಲ್ಲಿ ಮದುವೆ ಕಾಗದವನ್ನೂ ಕೇಳುತ್ತಾರೆ, ಅಲ್ಲಿ ಹೆಸರು ಒಂದು, ಇಲ್ಲಿ ಒಂದು ಎಂದಾದರೆ ಅಲೆದಾಟ ನಿಮಗೇ.

ಪ್ರೂಫ್ ಬಂದಾಗ ಮೊಬೈಲಿನಲ್ಲಿ ಒಮ್ಮೆ ಕಣ್ಣಾಡಿಸಿ "ಓಕೆ" ಎಂದು ಕಳಿಸುವ ಅಭ್ಯಾಸ ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ. ನೀವು ವಾಟ್ಸ್ಯಾಪಿನಲ್ಲಿ ಕಳಿಸಿದ ಬರಹವನ್ನು ಪ್ರೆಸ್ಸಿನವರು ತಮ್ಮ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ ಜಾರುವುದುಂಟು, ಅದರಲ್ಲೂ ಅರ್ಕಾವತ್ತು. ಮಂದಾರ್ತಿ, ಬಾರ್ಕೂರು, ಮುಹೂರ್ತ, ಆಶೀರ್ವಾದ ಈ ನಾಲ್ಕನ್ನು ಬೆರಳಿಟ್ಟು ಓದಿ. ತಾರೀಕಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಗೋಡೆಯ ಕ್ಯಾಲೆಂಡರ್ ನೋಡಿ. ಪ್ರತಿ ಮನೆಯಿಂದ ಒಬ್ಬರು ಗಟ್ಟಿಯಾಗಿ ಓದಿ, ಒಪ್ಪಿದ ಮೇಲೆ ಸಹಿ ಹಾಕಿಯೇ ಅಚ್ಚಿಗೆ ಬಿಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದಾಗಬಾರದು.

ಹಂಚುವಾಗ ಎರಡು ಮನೆಗೂ ನೆಂಟರಾದವರು ಯಾರ್ಯಾರೆಂದು ಪಟ್ಟಿ ಮಾಡಿಕೊಳ್ಳಿ. ಅವರಿಗೆ ಒಂದೇ ಕಾಗದ ಸಾಕು. ಆದರೆ ಕರೆಯಲು ಎರಡೂ ಕಡೆಯವರು ಹೋಗಬೇಕು. "ಅವರು ಕೊಟ್ಟಿದ್ದಾರಲ್ಲ, ಕಾಗದದಲ್ಲಿ ನಮ್ಮ ಹೆಸರೂ ಇದೆಯಲ್ಲ" ಎಂದು ಮನೆಯಲ್ಲಿ ಕುಳಿತಿರೋ, ಊಟದ ದಿನ ಆ ಹಿರಿಯರು ಬಾರದಿದ್ದರೆ ನನ್ನ ಹತ್ತಿರ ದೂರು ಹೇಳಬೇಡಿ.