ಆರ್ಡರ್ ಕಳಿಸಿ ನಾಲ್ಕು ದಿನವಾದರೂ ಉತ್ತರವಿಲ್ಲವೇ?

ಗುಡೇಕೋಟೆಯ ಒಂದು ಅಂಗಡಿ ಎಂದುಕೊಳ್ಳಿ. ಶೇಂಗಾ ಕೀಳುವ ಹೊತ್ತಿಗೆ ಬೇಕೆಂದು ದಾವಣಗೆರೆಯ ಸಗಟು ವ್ಯಾಪಾರಿಗೆ 500 ಗೋಣಿಚೀಲದ ಪರ್ಚೇಸ್ ಆರ್ಡರ್ ಸೋಮವಾರವೇ ಇ-ಮೇಲ್‌ನಲ್ಲಿ ಹೋಗಿದೆ. ಶುಕ್ರವಾರವಾದರೂ ಸಿಕ್ಕಿತು ಎಂಬ ಮಾತಿಲ್ಲ.

ಮೊದಲು ಅದು ಹೋದ ವಿಳಾಸ ನೋಡಿ. ಇ-ಮೇಲ್ ವಾಪಸ್ ಬಂದಿದೆಯೇ? ಊರೂರು ಸುತ್ತುವ ಸೇಲ್ಸ್‌ಮನ್‌ಗೆ ಮಾತ್ರ ಕಳಿಸಿದ್ದೀರಾ? ಆತನ ಫೋನ್‌ನಲ್ಲಿರುವ ಆರ್ಡರ್ ಆಫೀಸಿನ ಪುಸ್ತಕಕ್ಕೆ ಏರಿರದೇ ಇರಬಹುದು. ಹಾಗಾಗಿ ಆಫೀಸಿಗೇ ಫೋನ್ ಮಾಡಿ. ‘ನೋಡ್ತೀವಿ’ ಎಂಬ ಉತ್ತರಕ್ಕೆ ಜಾಗ ಬಿಡದಂತೆ ಕೇಳಿ: ಆರ್ಡರ್ ಪುಸ್ತಕಕ್ಕೆ ಏರಿದೆಯೇ, ಮಾಲು ಇದೆಯೇ, ಲೋಡ್ ಯಾವ ತಾರೀಖು? ದರ ಏರಿದ್ದರೂ, ನಿಮ್ಮ ಹಳೇ ಬಾಕಿ ಉಳಿದಿದ್ದರೂ, ನೀವು ಬರೆದ ಉದ್ರಿ ದಿನ ಅವರಿಗೆ ಒಪ್ಪದಿದ್ದರೂ ವ್ಯಾಪಾರಿ ಸುಮ್ಮನಿರುತ್ತಾನೆ. ಅದನ್ನೂ ನೇರವಾಗಿ ಕೇಳಿ.

ಫೋನ್ ಇಟ್ಟ ಕೂಡಲೇ ಆಡಿದ ಮಾತನ್ನು ಬರೆದು ಕಳಿಸಿ: ‘ನಮಸ್ಕಾರ ಸಾರ್. ಸೋಮವಾರದ ಪಿಒ 27, ಹೊಸ ಗೋಣಿಚೀಲ 500, ಸಿಕ್ಕಿತು ಎಂಬ ಉತ್ತರ ನಿಮ್ಮಿಂದ ಇನ್ನೂ ಬಂದಿಲ್ಲ. ದರ, ಲೋಡ್ ತಾರೀಖು ಮಂಗಳವಾರ ಸಂಜೆ 5ರೊಳಗೆ ತಿಳಿಸಿ. ಬಾರದಿದ್ದರೆ ಈ ಆರ್ಡರ್ ಕಳಿಸಿಯೇ ಇಲ್ಲವೆಂದು ಭಾವಿಸುತ್ತೇವೆ.’ ಜೊತೆಗೆ ಹಳೇ ಆರ್ಡರಿನ ಪ್ರತಿ ಹಾಕುವುದಾದರೆ ಅದೇ ನಂಬರ್ ಇರಲಿ, ಮೇಲೆ ‘ಮರುಪ್ರತಿ, ಹೊಸ ಆರ್ಡರ್ ಅಲ್ಲ’ ಎಂದು ಬರೆಯಿರಿ. ಇಲ್ಲದಿದ್ದರೆ 500ರ ಬದಲು 1000 ಚೀಲ ಬಂದಿಳಿಯಬಹುದು.

‘ಕಳಿಸಿಯೇ ಇಲ್ಲವೆಂದು ಭಾವಿಸುತ್ತೇವೆ’ ಎಂಬ ವಾಕ್ಯಕ್ಕೆ ಕಾನೂನಿನ ಬಲವಿದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 12ನೇ ಕಲಮಿನ ಪ್ರಕಾರ, ಇ-ಮೇಲ್ ಸಿಕ್ಕಿದ್ದಕ್ಕೆ ಉತ್ತರ ಬಾರದಿದ್ದರೆ ಸಮಂಜಸ ಗಡುವು ಕೊಟ್ಟು ನೋಟಿಸ್ ಕಳಿಸಬಹುದು. ಆಗಲೂ ಉತ್ತರವಿಲ್ಲದಿದ್ದರೆ, ಮತ್ತೆ ತಿಳಿಸಿ, ಅದನ್ನು ಕಳಿಸಿಯೇ ಇಲ್ಲವೆಂದು ಪರಿಗಣಿಸಬಹುದು.

ಬಹಳ ಜನ ಎಡವುವುದು ಇದರ ನಂತರ. ಉತ್ತರವಿಲ್ಲವೆಂದು ಬಳ್ಳಾರಿಯ ಇನ್ನೊಬ್ಬರಿಗೆ ಆರ್ಡರ್ ಕೊಟ್ಟುಬಿಡುತ್ತಾರೆ, ಹಳೆಯದನ್ನು ರದ್ದು ಮಾಡುವುದಿಲ್ಲ. ಸುಮ್ಮನಿರುವುದೇ ಒಪ್ಪಿಗೆಯಾಗದು, ನಿಜ. ಆದರೆ 1872ರ ಕರಾರು ಕಾಯ್ದೆಯ 8ನೇ ಕಲಮಿನಂತೆ, ಕೇಳಿದ ಕೆಲಸವನ್ನು ಮಾಡಿ ಮುಗಿಸುವುದೂ ಒಪ್ಪಿಗೆಯೇ. ದಾವಣಗೆರೆಯವರು ಮಾತಾಡದೆ ಚೀಲ ಕಳಿಸಿಬಿಟ್ಟರೆ ಎರಡು ಲೋಡಿನ ಹಣವೂ ನಿಮ್ಮ ತಲೆಗೆ ಬರಬಹುದು. ಆದ್ದರಿಂದ ಮಂಗಳವಾರ ಸಂಜೆ ‘ಪಿಒ 27 ರದ್ದಾಗಿದೆ, ಮಾಲು ಕಳಿಸಬೇಡಿ’ ಎಂದು ಇ-ಮೇಲ್, ವಾಟ್ಸಾಪ್ ಎರಡರಲ್ಲೂ ಬರೆದು, ಫೋನಿನಲ್ಲೂ ಹೇಳಿ. ಆಮೇಲೆ ಬಳ್ಳಾರಿಗೆ ಆರ್ಡರ್ ಕೊಡಿ.

ಒಂದು ಸಂದರ್ಭದಲ್ಲಿ ಮಾತ್ರ ಹೀಗೆ ರದ್ದು ಮಾಡಲು ಹೋಗಬೇಡಿ. ವ್ಯಾಪಾರಿಯೇ ಮೊದಲು ಲಿಖಿತ ಕೊಟೇಶನ್ ಕೊಟ್ಟು, ಅದರ ಅವಧಿಯೊಳಗೆ, ಅದೇ ದರ ಮತ್ತು ಷರತ್ತಿಗೆ ನೀವು ಆರ್ಡರ್ ಕಳಿಸಿದ್ದರೆ ನಿಮ್ಮ ಆರ್ಡರೇ ಒಪ್ಪಿಗೆಯಾಗಿ ಕರಾರು ಆಗಲೇ ಆಗಿರಬಹುದು. ಮುಂಗಡ ಕಟ್ಟಿದ್ದರೂ ಎಚ್ಚರ ಬೇಕು. ಆಗ ಕೊಟೇಶನ್ ಮತ್ತು ಹಣದ ರಸೀದಿ ಲಗತ್ತಿಸಿ, ಮಾಲು ಕೊಡುವ ತಾರೀಖನ್ನಷ್ಟೇ ಬರಹದಲ್ಲಿ ಕೇಳಿ.