ಪಾಲು ಬದಲಾದದ್ದನ್ನು ತೋರಿಸಲು ಐದು ಸೂತ್ರಗಳು

1. ಕೂಡಿಸಿದರೆ ಅರ್ಥ ಬರುತ್ತದೆಯೇ ಎಂದು ಮೊದಲು ನೋಡಿ. ಹೊರಕೆರೆದೇವಪುರದ ಸುತ್ತ ಯಾವ ಬೆಳೆ ಎಷ್ಟು ಎಕರೆಯಲ್ಲಿದೆ ಎಂಬುದನ್ನು ಕೂಡಿಸಿದರೆ ಬೆಳೆ ಇಟ್ಟ ಒಟ್ಟು ಜಮೀನು ಸಿಗುತ್ತದೆ. ಇಲ್ಲಿ ಸ್ಟ್ಯಾಕ್ಡ್ ಏರಿಯಾ ಚಾರ್ಟ್ ಸರಿ. ಅಡಿಕೆ ಧಾರಣೆಗೆ ಕೊಬ್ಬರಿ ಧಾರಣೆ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. ಅದಕ್ಕೆ ಲೈನ್ ಚಾರ್ಟೇ ಆಗಬೇಕು.

2. ಒಟ್ಟು ಮೊತ್ತವೂ ಕಥೆಯ ಭಾಗವಾಗಿದ್ದರೆ ಸ್ಟ್ಯಾಕ್ಡ್ ಏರಿಯಾ ಚಾರ್ಟಿನ ಪದರಗಳನ್ನೇ ಆರಿಸಿ. ಕರ್ನಾಟಕದ ಜನಗಣತಿ ನೋಡಿ. 1961ರಲ್ಲಿ ಹಳ್ಳಿಗಳಲ್ಲಿ ಸುಮಾರು 1.83 ಕೋಟಿ, ಪಟ್ಟಣಗಳಲ್ಲಿ 0.53 ಕೋಟಿ ಜನರಿದ್ದರು. 2011ಕ್ಕೆ ಅವು 3.75 ಮತ್ತು 2.36 ಕೋಟಿಯಾದವು. ಲೈನ್ ಚಾರ್ಟಿನಲ್ಲಿ ಎರಡು ಗೆರೆ ಏರುತ್ತವೆ, ಅಷ್ಟೆ. ರಾಜ್ಯದ ಒಟ್ಟು ಜನಸಂಖ್ಯೆಯನ್ನು ಓದುಗರೇ ಕೂಡಿಕೊಳ್ಳಬೇಕು. ಪದರಗಳಲ್ಲಿ ಮೇಲಂಚೇ ಆ ಮೊತ್ತ. 1961ರ ಮೇಲಂಚು 2.36 ಕೋಟಿ. ಆಗ ಇಡೀ ರಾಜ್ಯದಲ್ಲಿದ್ದಷ್ಟು ಜನ 2011ರಲ್ಲಿ ಪಟ್ಟಣಗಳಲ್ಲೇ ಇದ್ದರು! ಈ ಸಂಗತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಲು ಪದರಗಳೇ ಬೇಕು.

3. ಮುಖ್ಯವಾದದ್ದನ್ನು ತಳದಲ್ಲಿಡಿ. ತಳದ ಪದರಕ್ಕೆ ಮಾತ್ರ ಸಮತಟ್ಟಾದ ನೆಲವಿರುತ್ತದೆ. ಹಳ್ಳಿಯನ್ನು ಕೆಳಗಿಟ್ಟು ಪಟ್ಟಣವನ್ನು ಅದರ ಮೇಲೆ ಹೇರಿದರೆ, ಪಟ್ಟಣದ ಬೆಳವಣಿಗೆಯನ್ನು ಏರುತ್ತಿರುವ ಗೆರೆಯ ಮೇಲಿನಿಂದ ಅಳೆಯಬೇಕಾಗುತ್ತದೆ; ಕಣ್ಣು ಮೋಸ ಹೋಗುತ್ತದೆ. ಪಟ್ಟಣವನ್ನು ಕೆಳಗಿಡಿ. 2001ರಿಂದ 2011ರ ನಡುವೆ ಪಟ್ಟಣಗಳಿಗೆ ಸುಮಾರು 57 ಲಕ್ಷ ಜನ ಸೇರಿದ್ದು ಆಗ ಸ್ಪಷ್ಟವಾಗುತ್ತದೆ. ಹಳ್ಳಿಗಳಿಗೆ ಸೇರಿದ್ದು 26 ಲಕ್ಷ ಮಾತ್ರ. ಈ ಅಂಕಿಯೂ ಬೇಕಿದ್ದರೆ ಪದರದ ಮೇಲೆ ಬರೆದುಬಿಡಿ. ಅಕ್ಷವಂತೂ ಸೊನ್ನೆಯಿಂದಲೇ ಶುರುವಾಗಲಿ. ನಡುವಿನಿಂದ ಶುರುವಾದರೆ ತಳದ ಪದರ ಕತ್ತರಿಸಿಹೋಗಿ ಪಾಲುಗಳೆಲ್ಲ ಸುಳ್ಳಾಗುತ್ತವೆ.

4. ಪಾಲಷ್ಟೇ ಪ್ರಶ್ನೆಯಾದರೆ ನೂರು ಪ್ರತಿಶತದ ಚಾರ್ಟ್ ಹಾಕಿ. 1961ರಿಂದ 2011ರೊಳಗೆ ಪಟ್ಟಣದ ಪಾಲು ಶೇ. 22ರಿಂದ 39ರ ಹತ್ತಿರಕ್ಕೆ ಬಂದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಹಳ್ಳಿಯ ಪದರ ಕುಗ್ಗುತ್ತದೆ. ಹಳ್ಳಿಗಳು ಖಾಲಿಯಾದವು ಎಂದು ಓದುಗರು ತಿಳಿದಾರು. ನಿಜಕ್ಕೂ ಅಲ್ಲಿಯ ಜನಸಂಖ್ಯೆ ಎರಡರಷ್ಟಾಗಿದೆ. ಹಾಗಾಗಿ ಒಟ್ಟು ಸಂಖ್ಯೆಯನ್ನು ಪಕ್ಕದಲ್ಲಿ ತಪ್ಪದೆ ಕೊಡಿ.

5. ಒಂದೇ ಎಕರೆಯನ್ನು ಎರಡು ಸಲ ಎಣಿಸಬೇಡಿ. ಬೆಳೆಗಳ ಚಾರ್ಟ್ ಕೆಡುವುದು ಹೆಚ್ಚಾಗಿ ಇಲ್ಲೇ. ಒಂದೇ ತೋಟದಲ್ಲಿ ತೆಂಗಿನ ನಡುವೆ ಅಡಿಕೆ ಇದ್ದರೆ, ಆ ಜಮೀನು ಎರಡೂ ಬೆಳೆಗಳ ಲೆಕ್ಕದಲ್ಲಿ ಬಂದುಬಿಡಬಹುದು. ಮುಂಗಾರು, ಹಿಂಗಾರು ಎರಡರಲ್ಲೂ ಬಿತ್ತಿದ ಹೊಲಕ್ಕೂ ಇದೇ ಗತಿ. ಮಿಶ್ರ ತೋಟಕ್ಕೆ ಬೇರೆಯೇ ಪದರ ಮಾಡಿ, ಹಂಗಾಮಿಗೊಂದು ಚಾರ್ಟ್ ಹಾಕಿ. ಮೇಲಂಚು ಊರಿನ ಒಟ್ಟು ಸಾಗುವಳಿ ಜಮೀನನ್ನು ಮೀರಿತೇ ಎಂದು ಪ್ರತಿ ವರ್ಷಕ್ಕೂ ತಾಳೆ ನೋಡಿ. ಮೀರಿದ್ದರೆ ಚಾರ್ಟನ್ನು ಯಾರಿಗೂ ತೋರಿಸದೆ ಎಕರೆಗಳನ್ನು ಮತ್ತೆ ಎಣಿಸಿ.